ಎರಡನೇ ಸಲದ ಪಾಠ

(ಮುಂಬೈ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಗಣಿತ ಕಲಿಸಿದ ಮಾಸ್ಟ್ರ ನೆನಪಿಗೆ, ಹಳೆ ವಿದ್ಯಾರ್ಥಿಗಳು ಸೇರಿ ಹಾಡಲು. ಪಲ್ಲವಿ ಎಲ್ಲರದು, ಚರಣ ಒಬ್ಬರದು. ಹಾರ್ಮೋನಿಯಂ ಸಾಕು, ತಬಲಾ ಬೇಡ. ನಡುವಿನ ಮಾತನ್ನು ಹಾಡಬಾರದು, ನಿಧಾನಕ್ಕೆ ಓದಬೇಕು.)

ಪಲ್ಲವಿ

ಮಾಸ್ಟ್ರೇ, ನಮ್ಮ ರಾತ್ರಿ ಶಾಲೆಯ ಮಾಸ್ಟ್ರೇ,
ಎದ್ದು ಕೂತವರಿಗೆ ಒಂದು ಸಲ,
ನಿದ್ದೆ ಹೋದವರಿಗೆ ಇನ್ನೊಂದು ಸಲ,
ಒಂದೇ ಲೆಕ್ಕವ ಎರಡು ಸಲ ಬಿಡಿಸಿದಿರಿ,
ಒಂದೇ ದನಿಯಲ್ಲಿ ಬಿಡಿಸಿದಿರಿ.

ಚರಣ

ಬೆಳಗಿನ ನಾಲ್ಕಕ್ಕೆ ಹಿಟ್ಟು ರುಬ್ಬಿದ ಕೈ,
ಹಗಲಿಡೀ ಮೇಜು ಒರೆಸಿದ ಕೈ,
ಸಂಜೆ ಪೆನ್ಸಿಲು ಹಿಡಿದರೆ ನಡುಗುತ್ತಿತ್ತು.
ಅಂಗಿಯ ತೋಳಲ್ಲಿ ಸಾಂಬಾರಿನ ಕಲೆ,
ಬೆರಳಿನ ಸಂದಿಯಲ್ಲಿ ಸೋಡಾ ತಿಂದ ಗಾಯ.
ಆರೂವರೆಗೆ ಶಾಲೆ, ಏಳಾದರೂ ಧಣಿ ಬಿಡುವುದಿಲ್ಲ,
ಓಡಿ ಬಂದವನಿಗೆ ಬಾಗಿಲಲ್ಲಿ ಬೈಗುಳವಿಲ್ಲ.
ಉಳಿದ ಶಾಲೆಗಳಲ್ಲಿ ಹಾಜರಿ ಮೊದಲು,
ನಮ್ಮ ಕ್ಲಾಸಿನಲ್ಲಿ ಹಾಜರಿ ಕೊನೆಗೆ.
ಎಲ್ಲರೂ ಬಂದ ಮೇಲೆ ಪುಸ್ತಕ ತೆರೆದಿರಿ,
ಎಲ್ಲರ ಹೆಸರನ್ನೂ ಪೂರ್ತಿ ಕರೆದಿರಿ.
ಹೋಟೆಲಲ್ಲಿ ನಾವು 'ಏಯ್ ಹುಡುಗಾ' ಮಾತ್ರ,
ನಿಮ್ಮ ಬಾಯಲ್ಲಿ ಊರು, ಮನೆತನ, ಅಪ್ಪನ ಹೆಸರು,
ಒಂದೂ ಬಿಡದೆ ಕರೆದಿರಿ.

ಪಲ್ಲವಿ

ಚರಣ

'ಬಿಲ್ಲು ಕೂಡಿಸುವವನಿಗೆ ಬೀಜಗಣಿತ ಭಯವೇ?
ಬಾ ಮಾರಾಯ, ಬೋರ್ಡಿಗೆ ಬಾ' ಎಂದಿರಿ.
ಮೂರು ವಡೆ, ಎರಡು ಚಾ.
ಗಿರಾಕಿ ಕೊಟ್ಟದ್ದು 5 ರೂಪಾಯಿ, ಮರಳಿ ಪಡೆದದ್ದು 1.
ಚಾಕ್ಕೆ 50 ಪೈಸೆ, ವಡೆಗೆ ಎಷ್ಟು?
ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತ ಹೆಸರಿಡು,
ಗೊತ್ತಿರುವುದನ್ನು ಈ ಕಡೆ ತಂದಿಡು.
ಹಗಲು ನಾವು ಹೊತ್ತ ತಟ್ಟೆಯ ಮೇಲೆಯೇ
ಲೆಕ್ಕವೂ ಕೂತಿತ್ತು, ನೀವು ತೋರಿಸಿದಿರಿ.
ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು,
1853ರ ಏಪ್ರಿಲ್ 16ಕ್ಕೆ ಹೊರಟ ಮೊದಲ ರೈಲು.
'ಅದೇ ದಾರಿಯ ಸ್ಲೋ ಲೋಕಲ್ಲು ಹತ್ತಿ ನೋಡಿ,
ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಭಾಯಖಳಾ, ಚಿಂಚ್‌ಪೋಕ್ಲಿ,
ನಿಲ್ಲುವ ಹೊತ್ತು ಕಳೆದು ವೇಗ ಹೇಳಿ' ಎಂದಿರಿ.
ರವಿವಾರ ಬಾಗಿಲಲ್ಲಿ ನೇತಾಡುತ್ತಾ
ಗಡಿಯಾರ ನೋಡುವ ಹುಡುಗರಾದೆವು ನಾವು.

ಮಾತು

ಪಗಾರದ ದಿನ ನೀವು ಗಣಿತ ಮಾಡುತ್ತಿರಲಿಲ್ಲ. ಮನಿಯಾರ್ಡರ್ ಫಾರಂ ತರಿಸುತ್ತಿದ್ದಿರಿ. ಉಡುಪಿ ಕಡೆಯವನು, ವಿಜಾಪುರದವನು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಊರಿನ ವಿಳಾಸ ಬರೆಯುತ್ತಿದ್ದೆವು. ಫಾರಂನಲ್ಲಿ ಸಂದೇಶಕ್ಕೆ ಅಂತ ಸಣ್ಣ ಜಾಗ ಇರುತ್ತಿತ್ತಲ್ವಾ, ನಾವು ಅದನ್ನು ಸುಮ್ನೆ ಖಾಲಿ ಬಿಡುತ್ತಿದ್ದೆವು. ಇಲ್ಲವಾದರೆ 'ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ' ಎಂದು ಬರೆಯುತ್ತಿದ್ದೆವು. ನೀವು ಅದನ್ನು ಹೊಡೆದು ಹಾಕುತ್ತಿದ್ದಿರಿ. 'ಇದನ್ನು ಯಾರ ಮಗನೂ ಬರೆಯಬಹುದು. ನೀನು ಇವತ್ತು ಏನು ಉಂಡೆ ಅಂತ ಬರಿ. ಪೋಸ್ಟ್‌ಮ್ಯಾನ್ ಓದಿ ಹೇಳುವಾಗ ನಿನ್ನ ಅಮ್ಮ ಕಾಯುವುದು ಆ ಮಾತಿಗೆ.'

ಅದಕ್ಕೇ ಮಾಸ್ಟ್ರೇ, ಈ ಹಾಡಿನಲ್ಲಿ ನಿಮಗೆ ದೊಡ್ಡ ದೊಡ್ಡ ಬಿರುದು ಇಲ್ಲ. ನೀವು ಹೊಡೆದು ಹಾಕುವಂಥ ಸಾಲು ಒಂದೂ ಬೇಡ ಅಂತ ನಾವೆಲ್ಲ ಕೂತು ಬರೆದೆವು.

ಚರಣ

ನೀವು ಏನು ಉಂಡಿರಿ, ಅದನ್ನೇ ಹಾಡುತ್ತೇವೆ.
ಹಗಲು ಬಂದರಿನ ಆಫೀಸಿನಲ್ಲಿ ಗುಮಾಸ್ತಿಕೆ,
ಸಂಜೆ ನಮ್ಮ ಮೂರನೇ ಮಾಳಿಗೆಯ ಕ್ಲಾಸು.
ಒಂಬತ್ತೂವರೆಗೆ ಘಂಟೆ, ಆಮೇಲೆ ಡಬ್ಬಿ.
ಬೆಳಿಗ್ಗೆ ಕಟ್ಟಿದ ಚಪಾತಿ, ಗಟ್ಟಿಯಾದ ಪಲ್ಯ,
ಮಿಡಿ ಉಪ್ಪಿನಕಾಯಿ ಒಂದೇ ಒಂದು.
ಸೀಮೆಸುಣ್ಣದ ಪುಡಿ ಕೊಡವಿ,
ಕಿಟಕಿ ಪಕ್ಕ ನಿಂತೇ ಉಂಡಿರಿ.
ಉಣ್ಣುತ್ತಲೇ ಯಾರದೋ ಭಾಗಾಕಾರ ತಿದ್ದಿದಿರಿ,
ಉಳಿದ ಶೇಷಕ್ಕೆ ಸುತ್ತು ಹಾಕಿದಿರಿ.
ಡೊಂಬಿವಲಿಯ ಲೋಕಲ್ಲು ತಪ್ಪಿದರೆ ಮುಂದಿನದು,
'ಇವನದು ಮುಗಿಯಲಿ, ಗಾಡಿ ಬರುತ್ತಲೇ ಇರುತ್ತದೆ' ಎಂದಿರಿ.

ಚರಣ

1982ರ ಜನವರಿ 18.
ಗಿರಣಿಗಳ ಭೋಂಗಾ ನಿಂತಿತು,
ಪರೇಲಿನ ಕಡೆಯ ಬೆಂಚು ಬರಿದಾಯಿತು.
ಪಗಾರವಿಲ್ಲದ ಮನೆಗೆ ಪುಸ್ತಕ ಯಾಕೆ ಎಂದರು.
ನೀವು ರವಿವಾರ ಲಾಲ್‌ಬಾಗಿನ ಚಾಳು ಹತ್ತಿದಿರಿ,
ಖೋಲಿಯಿಂದ ಖೋಲಿಗೆ ಹುಡುಗರನ್ನು ಹುಡುಕಿದಿರಿ.
ಮುಷ್ಕರ ಸರಿಯೋ ತಪ್ಪೋ, ಅದನ್ನು ಮಾತಾಡಲಿಲ್ಲ.
'ಹಗಲು ಬಿಡುವಾಯಿತಲ್ಲ, ಹಗಲೇ ಓದು' ಎಂದಿರಿ.
ಅರ್ಧ ಜನ ಬಂದರು, ಅರ್ಧ ಜನ ಊರಿಗೆ ಹೋದರು.
ಹೋದವರ ಹೆಸರನ್ನೂ ವರ್ಷವಿಡೀ ಕರೆದಿರಿ.

ಪಲ್ಲವಿ

ಚರಣ

ಮಾರ್ಚಿನ ಪರೀಕ್ಷೆಗೆ ರಜೆ ಕೇಳಲು
ನಮಗೆ ಧೈರ್ಯವಿರಲಿಲ್ಲ, ನೀವೇ ಬಂದಿರಿ.
ಗಲ್ಲಾದ ಮುಂದೆ ಮೊದಲು ಚಾ ತರಿಸಿ,
ಕುಡಿದು, ಬಿಲ್ಲು ಕೊಟ್ಟು, ಆಮೇಲೆ ಕೇಳಿದಿರಿ:
'ಧಣಿಗಳೇ, ಈ ಹುಡುಗನ ಮೂರು ಗಂಟೆ ನನಗೆ ಬೇಕು.
ಆ ಹೊತ್ತಿಗೆ ಟೇಬಲ್ಲಿಗೆ ಬೇಕಾದರೆ ನಾನು ನಿಲ್ಲುತ್ತೇನೆ.'
ಧಣಿ ಎದ್ದು ನಿಂತರು, ಕೈ ಮುಗಿದರು.
ಹುಡುಗ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡ,
ಹೊಗೆಗೆ ಕಣ್ಣುರಿ ಎಂದು ಭಟ್ಟರಿಗೆ ಹೇಳಿದ.
ಇಂಗ್ಲಿಷಿನಲ್ಲಿ ಬಿದ್ದ, ಮಾರ್ಕು ಇಪ್ಪತ್ತೆಂಟು.
'ಅಕ್ಟೋಬರ್ ಅಂತ ಒಂದು ತಿಂಗಳು ಇದೆ, ಗೊತ್ತಾ?'
ಅಷ್ಟೇ ನೀವು ಹೇಳಿದ್ದು.
ಅಕ್ಟೋಬರಿಗೆ ಮತ್ತೆ ಬಂದಿರಿ,
ಮತ್ತೆ ಚಾ ಕುಡಿದಿರಿ, ಮತ್ತೆ ಬಿಲ್ಲು ಕೊಟ್ಟಿರಿ.

ಪಲ್ಲವಿ (ಕೊನೆಯ ಸಲ, ಹಾರ್ಮೋನಿಯಂ ಇಲ್ಲದೆ)

ಮಾಸ್ಟ್ರೇ, ನಮ್ಮ ರಾತ್ರಿ ಶಾಲೆಯ ಮಾಸ್ಟ್ರೇ,
ಗೆದ್ದು ಹೋದವರಿಗೆ ಒಂದು ಸಲ,
ಬಿದ್ದು ಬಂದವರಿಗೆ ಇನ್ನೊಂದು ಸಲ,
ಒಂದೇ ಬಾಗಿಲ ಎರಡು ಸಲ ತೆರೆದಿರಿ,
ಒಂದೇ ಮುಖದಲ್ಲಿ ತೆರೆದಿರಿ.

ಚರಣ

ಹೋದ ತಿಂಗಳು ನೀವು ತೀರಿಕೊಂಡಿರಿ.
ಡೊಂಬಿವಲಿಯ ನಿಮ್ಮ ಮನೆಗೆ ಎಲ್ಲರೂ ಬಂದೆವು.
ಬ್ಯಾಂಕಿನವನು, ಟ್ಯಾಕ್ಸಿಯವನು, ಕೋರ್ಟಿನ ವಕೀಲ,
ಇವತ್ತಿಗೂ ಮೇಜು ಒರೆಸುವವನು,
ಚಪ್ಪಲಿ ಮೆಟ್ಟಿಲವರೆಗೂ ತುಂಬಿತ್ತು.
ನಿಮ್ಮ ಮಗಳು ಚೀಲ ತೆರೆದು ತೋರಿಸಿದಳು:
ಬರೆಯದ ಮನಿಯಾರ್ಡರ್ ಫಾರಂ ಒಂದು ಕಟ್ಟು.
2015ಕ್ಕೆ ಆ ಹಳೆ ಬಗೆಯ ಸೇವೆ ನಿಂತಿತು, ಕಟ್ಟು ಮಾತ್ರ ನೀವು ಎಸೆದಿರಲಿಲ್ಲ.
ಇಂಗ್ಲಿಷಿನಲ್ಲಿ ಬಿದ್ದಿದ್ದ ಆ ಹುಡುಗ
ಈಗ ವಾಶಿಯಲ್ಲಿ ಎರಡು ಹೋಟೆಲಿನ ಧಣಿ.
ಬಾಗಿಲ ಬಳಿ ನಿಂತು ಯಾರೊಂದಿಗೂ ಮಾತಾಡಲಿಲ್ಲ,
ಫೋನಿನಲ್ಲಿ ಮ್ಯಾನೇಜರಿಗೆ ಇಷ್ಟು ಹೇಳಿದ:
'ರಾತ್ರಿ ಶಾಲೆಗೆ ಹೋಗುವ ಹುಡುಗರನ್ನು ಆರಕ್ಕೇ ಬಿಡು.
ಪರೀಕ್ಷೆಯ ದಿನ ರಜೆ ಕೊಡು, ಪಗಾರ ಹಿಡಿಯಬೇಡ.
ಬಿದ್ದವನಿಗೂ ಅಷ್ಟೇ, ಮುಂದಿನ ಸಲಕ್ಕೂ ಅಷ್ಟೇ.'