ಕಪ್ಪು ಪಟ್ಟಿ ಅಂದರೆ ಅಲೆ ಇಲ್ಲ ಅಂತಲ್ಲ

ಪ್ರೀತಿಯ ಸಹನಾ,

ನಿನ್ನ ಉತ್ತರ ಪತ್ರಿಕೆ ನೋಡಿದೆ. ರಿಪ್ಪಲ್ ಟ್ಯಾಂಕ್, ಅಂದರೆ ಅಲೆ ತೋರಿಸುವ ಗಾಜಿನ ತಳದ ನೀರಿನ ತೊಟ್ಟಿಯ ಫೋಟೋದಲ್ಲಿ ಕಪ್ಪಾಗಿ ಕಂಡ ಕಡೆಯೆಲ್ಲ 'ಇಲ್ಲಿ ಅಲೆಗಳು ಒಂದನ್ನೊಂದು ಅಳಿಸಿವೆ' ಅಂತ ಬರೆದಿದ್ದೀಯ. ಓದುವಾಗ ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಸುಮ್ನೆ ಕೆಂಪು ಗೆರೆ ಎಳೆದು ಬಿಡಲು ಮನಸ್ಸಾಗಲಿಲ್ಲ.

ಮೊದಲು ಆ ಬೆಳಕು ಎಲ್ಲಿಂದ ಬಂತು ಅಂತ ನೋಡು. ದೀಪ ನೀರಿನ ಮೇಲಿದೆ, ಪರದೆ ಕೆಳಗಿದೆ. ಅಲೆಯ ಉಬ್ಬು ಮಸೂರದ ಹಾಗೆ ಬೆಳಕನ್ನು ಒಟ್ಟುಗೂಡಿಸುತ್ತದೆ, ಅಲ್ಲಿ ಬೆಳ್ಳಗೆ ಕಾಣುತ್ತದೆ. ತಗ್ಗು ಬೆಳಕನ್ನು ಚದುರಿಸುತ್ತದೆ, ಅಲ್ಲಿ ಕಪ್ಪು. ಅಂದರೆ ಕಪ್ಪು ಪಟ್ಟಿಯಲ್ಲೂ ಅಲೆ ಜೋರಾಗಿಯೇ ಇದೆ. ಕ್ಯಾಮೆರಾ ಕ್ಲಿಕ್ ಆದ ಗಳಿಗೆಯಲ್ಲಿ ಅಲ್ಲಿ ನೀರು ಕೆಳಗಿತ್ತು, ಅಷ್ಟೇ.

ಹಾಗಾದರೆ ಅಲೆ ಅಳಿದಿರೋದು ಎಲ್ಲಿ? ಬೂದು ಬಣ್ಣದಲ್ಲಿ. ನೀರಿನಲ್ಲಿ ಒಟ್ಟಿಗೆ ಅಲುಗಾಡಿ ಅಲೆ ಎಬ್ಬಿಸುವ ಎರಡು ಕಡ್ಡಿಗಳ ನಡುವಿನಿಂದ ಬೀಸಣಿಗೆಯಂತೆ ಹರಡಿದ ಮಾಸಲು ದಾರಿಗಳಿವೆಯಲ್ಲ, ಅವೇ ನಿಸ್ಪಂದ ರೇಖೆಗಳು. ಅಲ್ಲಿ ನೀರು ಹೆಚ್ಚುಕಡಿಮೆ ಸುಮ್ಮನಿದೆ. ಒಂದು ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು ಆ ಬೂದು ದಾರಿಯನ್ನು ಅಡ್ಡ ದಾಟು. ಆಚೆ ಬದಿ ನಿನ್ನ ಬೆರಳಿಗೆ ಸಿಗೋದು ಕಪ್ಪು ಪಟ್ಟಿ! ಪಟ್ಟಿಗಳು ಅರ್ಧ ಅಲೆಯಷ್ಟು ಜಾರಿವೆ. ನನಗೆ ಇಡೀ ಫೋಟೋದಲ್ಲಿ ತುಂಬ ಇಷ್ಟವಾದ ಜಾಗ ಅದು.

ಈಗ ಸ್ಕೇಲ್ ತಗೋ. ಒಂದು ಪಟ್ಟಿ ಅಳೆದರೆ ತಪ್ಪು ಜಾಸ್ತಿ ಆಗುತ್ತದೆ, ಒಂಬತ್ತು ಬಿಳಿ ಪಟ್ಟಿ ಎಣಿಸು. ಮೊದಲನೆಯದರಿಂದ ಒಂಬತ್ತನೆಯದಕ್ಕೆ 8 ಸೆಂ.ಮೀ. ಇದೆ. ನಡುವಿನ ಅಂತರಗಳು ಎಂಟು, ಹಾಗಾಗಿ ತರಂಗದೂರ 1 ಸೆಂ.ಮೀ. ಇದು ಫೋಟೋದ ಅಳತೆ. ಕಡ್ಡಿಗಳು ಫೋಟೋದಲ್ಲಿ 4 ಸೆಂ.ಮೀ., ನಿಜವಾಗಿ 6 ಸೆಂ.ಮೀ. ದೂರ ಇದ್ದವು. ಆದ್ದರಿಂದ ನಿಜವಾದ ತರಂಗದೂರ 1.5 ಸೆಂ.ಮೀ.

ನಾನು ಒಂದು ಬೂದು ರೇಖೆಯ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟಿದ್ದೇನೆ. ಫೋಟೋದ ಅಳತೆಯಲ್ಲೇ ಅಲ್ಲಿಂದ ಒಂದು ಕಡ್ಡಿಗೆ 9 ಸೆಂ.ಮೀ., ಇನ್ನೊಂದಕ್ಕೆ 10.5. ವ್ಯತ್ಯಾಸ ಒಂದೂವರೆ ತರಂಗದೂರ. ಮೊದಲ ರೇಖೆಯಲ್ಲಿ ಆ ವ್ಯತ್ಯಾಸ ಅರ್ಧ ತರಂಗದೂರ, ಅಂದರೆ ಇದು ನಡುವಿನಿಂದ ಎರಡನೇ ರೇಖೆ. ಎಣಿಸಿ ನೋಡು.

ನೀನು ಆರು ರೇಖೆ ಎಣಿಸಿದ್ದು ಸರಿಯೇ. ಆದರೆ ಕಡ್ಡಿಗಳ ನಡುವೆ ನಾಲ್ಕು ತರಂಗದೂರ ಇರೋದರಿಂದ ವ್ಯತ್ಯಾಸ 0.5, 1.5, 2.5, 3.5 ತರಂಗದೂರ ಆಗಬಹುದು. ಬದಿಗೆ ನಾಲ್ಕು, ಒಟ್ಟು ಎಂಟು ಬೇಕು. ಕೊನೆಯ ಎರಡು ನಡುಗೆರೆಯಿಂದ ಸುಮಾರು 61 ಡಿಗ್ರಿ ವಾಲಿವೆ, ಫೋಟೋದ ಅಂಚಿನ ಆಚೆ ಹೋಗಿವೆ.

ನಿನ್ನ ಗೊಂದಲ ಎಲ್ಲಿಂದ ಬಂತು ಅಂತಲೂ ಗೊತ್ತು. ಲೇಸರ್ ಮತ್ತು ಎರಡು ಸೀಳುಗಳ ಫೋಟೋದಲ್ಲಿ ಕಪ್ಪು ಅಂದರೆ ಅಳಿದದ್ದೇ, ಅಲ್ವಾ? ಬೆಳಕಿನ ಉಬ್ಬುತಗ್ಗನ್ನು ಹಿಡಿಯುವಷ್ಟು ವೇಗ ಯಾವ ಮಾಮೂಲಿ ಕ್ಯಾಮೆರಾಕ್ಕೂ ಇಲ್ಲ, ಅದಕ್ಕೆ ಸಿಗೋದು ಸರಾಸರಿ ಮಾತ್ರ.

ಫೋಟೋ ಇದರ ಜೊತೆಗಿದೆ. ಆರೂ ಬೂದು ರೇಖೆಗಳನ್ನು ಪೆನ್ಸಿಲ್‌ನಲ್ಲಿ ಎಳೆದು ಸೋಮವಾರ ತಗೊಂಡು ಬಾ.

ನಿನ್ನ
ಫಿಸಿಕ್ಸ್ ಮೇಷ್ಟ್ರು