ಬೋನಸ್‌ಗೆ ಆಪರೇಟಿಂಗ್ ಲಾಭ, ಬ್ಯಾಂಕಿಗೆ ಎಬಿಟ್ಡಾ

ಮೇಡಂ, ನಮಸ್ಕಾರ.

ಶನಿವಾರದ ಬೋರ್ಡ್ ಮೀಟಿಂಗಿನಲ್ಲಿ ನೀವು ಕೇಳಿದ್ದಕ್ಕೆ ಅಲ್ಲೇ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಎಬಿಟ್ಡಾ 9.60 ಕೋಟಿಯಿಂದ 11.20 ಕೋಟಿಗೆ ಏರಿದೆ, ಮ್ಯಾನೇಜರುಗಳ ಬೋನಸ್ಸನ್ನು ಅದರ ಮೇಲೇ ಲೆಕ್ಕ ಹಾಕಿದರೆ ಏನು ತೊಂದರೆ ಅಂದಿರಿ. ತೊಂದರೆ ಇದೆ, ಮೇಡಂ.

ಡೀಸೆಲ್, ಸಂಬಳ, ಟೋಲ್, ರಿಪೇರಿ ಎಲ್ಲ ಕಳೆದು ಉಳಿಯುವುದು ಎಬಿಟ್ಡಾ. ಅದರಲ್ಲಿ ಸವಕಳಿಯನ್ನೂ ಕಳೆದರೆ ಆಪರೇಟಿಂಗ್ ಲಾಭ. ಬಡ್ಡಿ, ತೆರಿಗೆ ಎರಡರಲ್ಲೂ ಇನ್ನೂ ಕಳೆದಿರುವುದಿಲ್ಲ. ಅಂದರೆ ಜಗಳ ಇರುವುದು ಸವಕಳಿ ಒಂದರ ಬಗ್ಗೆ.

ನಮ್ಮ ಒಂದು ಕೂಲಿಂಗ್ ಲಾರಿಯನ್ನೇ ತಗೊಳ್ಳಿ. ಬೆಲೆ 38 ಲಕ್ಷ. ಬಾಡಿಗೆಗೆ ಓಡುವ ಲಾರಿಗೆ 2013ರ ಕಂಪನಿ ಕಾಯ್ದೆ ಹೇಳುವ ಆಯಸ್ಸು 6 ವರ್ಷ. ಕೊನೆಗೆ ಉಳಿಯುವ ಶೇ 5ರಷ್ಟು ಬೆಲೆ ಬಿಟ್ಟರೆ ವರ್ಷಕ್ಕೆ ಸುಮಾರು 6 ಲಕ್ಷ ಸವಕಳಿ. ಒಂದು ಲಾರಿ ಖರ್ಚೆಲ್ಲ ಕಳೆದು ವರ್ಷಕ್ಕೆ 7.5 ಲಕ್ಷ ತರುತ್ತದೆ. ಎಬಿಟ್ಡಾ ನೋಡಿದವರಿಗೆ 7.5 ಲಕ್ಷದ ಲಾರಿ, ಆಪರೇಟಿಂಗ್ ಲಾಭ ನೋಡಿದವರಿಗೆ 1.5 ಲಕ್ಷದ್ದು. ಯಾವುದು ನಿಜ ಅಂತ ಹುಬ್ಬಳ್ಳಿ ಯಾರ್ಡಿಗೆ ಹೋದರೆ ಗೊತ್ತಾಗುತ್ತದೆ. ಹಳೇ ಲಾರಿಗಳ ಬಾಗಿಲ ರಬ್ಬರು ಸಡಿಲವಾಗಿದೆ, ಗೋಡೆಯೊಳಗಿನ ಫೋಮು ನೀರು ಕುಡಿದಿದೆ, ಅದೇ ತಂಪಿಗೆ ಯೂನಿಟ್ಟು ಇಡೀ ರಾತ್ರಿ ಓಡಬೇಕು. ಇದು ಸುಮ್ನೆ ಪುಸ್ತಕದಲ್ಲಿ ಬರೆದ ಸವಕಳಿ ಅಲ್ಲ. ಆ ಲಾರಿಯ ಜಾಗಕ್ಕೆ ಇನ್ನೊಂದನ್ನು ನಾವು ದುಡ್ಡು ಕೊಟ್ಟೇ ತರಬೇಕು, ಅಲ್ವಾ?

ಈಗ ಬೋನಸ್ ವಿಷಯ. ಬೇಸಿಗೆಯ ಎರಡು ತಿಂಗಳು ಐಸ್‌ಕ್ರೀಮಿಗೆ ಅಂತ ಹೊರಗಿನ ಲಾರಿ ಬಾಡಿಗೆಗೆ ತಗೊಂಡರೆ ಆ ಬಾಡಿಗೆ ಎಬಿಟ್ಡಾವನ್ನು ಕಡಿಮೆ ಮಾಡುತ್ತದೆ. ಅದೇ ಸ್ವಂತ ಲಾರಿ ಕೊಂಡರೆ ಅದರ ಬೆಲೆ ಎಬಿಟ್ಡಾದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಉಳಿದ ಹತ್ತು ತಿಂಗಳು ಅದು ಅರ್ಧ ಖಾಲಿ ನಿಂತರೂ ಬೋನಸ್ ಏರುತ್ತದೆ. ಒಳ್ಳೆಯ ಮ್ಯಾನೇಜರ್ ಕೂಡ ಲಾರಿ ಕೊಡಿ ಅಂತಲೇ ಕೇಳುತ್ತಾರೆ, ಅದು ಅವರ ತಪ್ಪಲ್ಲ, ನಾವು ಇಟ್ಟ ಅಳತೆಯ ತಪ್ಪು.

ಇನ್ನು ಈ ವರ್ಷದ 1.60 ಕೋಟಿ ಏರಿಕೆ. ಅದರಲ್ಲಿ 1.20 ಕೋಟಿ ಗೋದಾಮಿನ ಬಾಡಿಗೆ. ಮೊದಲು 11 ತಿಂಗಳ ಕರಾರು ಇತ್ತು, ಬಾಡಿಗೆ ನೇರವಾಗಿ ಖರ್ಚಿಗೆ ಹೋಗುತ್ತಿತ್ತು. ಈ ಸಲ 5 ವರ್ಷದ ಲೀಸ್ ಮಾಡಿಕೊಂಡೆವು. 2019ರ ಏಪ್ರಿಲಿನಿಂದ ಜಾರಿಯಲ್ಲಿರುವ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮದ ಪ್ರಕಾರ ಅಂಥ ಬಾಡಿಗೆ ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಎಬಿಟ್ಡಾದ ಕೆಳಗೆ ಇಳಿಯುತ್ತದೆ. ಮಾಲೀಕರಿಗೆ ನಾವು ಕೊಡುವುದು ಅದೇ ತಿಂಗಳಿಗೆ 10 ಲಕ್ಷ. ಆಪರೇಟಿಂಗ್ ಲಾಭ ಏರಿದ್ದು 4.10 ಕೋಟಿಯಿಂದ 4.27 ಕೋಟಿಗೆ ಅಷ್ಟೇ, ಅದರಲ್ಲೂ ಈ ಲೀಸಿನಿಂದ ಬಂದದ್ದು ಸುಮಾರು 25 ಲಕ್ಷ. ಅದನ್ನು ತೆಗೆದು ನೋಡಿದರೆ ನಾವು ಸ್ವಲ್ಪ ಹಿಂದೆಯೇ ಬಿದ್ದಿದ್ದೇವೆ. ಯಾಕೆಂದರೆ ಹೊಸ 8 ಲಾರಿಗಳು ತಮ್ಮ ಸವಕಳಿಯಷ್ಟು ಇನ್ನೂ ದುಡಿಯುತ್ತಿಲ್ಲ.

ಹಾಗಂತ ಎಬಿಟ್ಡಾ ಬೇಡ ಅನ್ನುತ್ತಿಲ್ಲ. ಬ್ಯಾಂಕಿನವರು ಸಾಲವನ್ನು ಎಬಿಟ್ಡಾದ ಎಷ್ಟು ಪಟ್ಟು ಅಂತ ನೋಡುತ್ತಾರೆ. ಕಂತು ಕಟ್ಟುವುದು ಕೈಗೆ ಬರುವ ದುಡ್ಡಿನಿಂದ, ಸವಕಳಿಗೆ ಈ ವರ್ಷ ಯಾರಿಗೂ ಚೆಕ್ ಬರೆಯುವುದಿಲ್ಲ, ಹಾಗಾಗಿ ಅವರ ಮಟ್ಟಿಗೆ ಅದು ಸರಿ. 2020ರಲ್ಲಿ ಕೋವಿಡ್ ಸಾಲಗಳ ಮರುಹೊಂದಾಣಿಕೆಗೆ ನಮ್ಮ ಮಂಗಳೂರಿನ ಕೆ.ವಿ. ಕಾಮತ್ ಅವರ ಸಮಿತಿ ಸೂಚಿಸಿದ ಐದು ಅನುಪಾತಗಳಲ್ಲಿ ಇದೂ ಒಂದು. ನಾವು ಕೊಳ್ಳಬೇಕೆಂದಿರುವ ಕೊಯಮತ್ತೂರಿನ ಕೋಲ್ಡ್ ಸ್ಟೋರೇಜಿಗೂ ಮೊದಲು ಎಬಿಟ್ಡಾನೇ ನೋಡಬೇಕು. ಅವರು ಸವಕಳಿಯನ್ನು ಇಳಿಕೆ ಮೌಲ್ಯದ ಪದ್ಧತಿಯಲ್ಲಿ ಹಾಕುತ್ತಾರೆ, ಮೊದಲ ವರ್ಷಗಳಲ್ಲಿ ಜಾಸ್ತಿ ಬರುತ್ತದೆ. ನಾವು ಪ್ರತಿ ವರ್ಷ ಸಮನಾಗಿ ಹಾಕುತ್ತೇವೆ. ಎರಡೂ ಕಾನೂನುಬದ್ಧ, ಆದರೆ ಆಪರೇಟಿಂಗ್ ಲಾಭ ಇಟ್ಟು ಹೋಲಿಸಿದರೆ ಅವರ ವ್ಯಾಪಾರಕ್ಕೆ ಅನ್ಯಾಯ ಆಗುತ್ತದೆ. ಆಮೇಲೆ ಅವರ ಕಂಪ್ರೆಸರುಗಳನ್ನು ಯಾವಾಗ ಬದಲಿಸಬೇಕು ಅಂತ ಬೇರೆಯಾಗಿ ಕೇಳೋಣ.

ಆಪರೇಟಿಂಗ್ ಲಾಭಕ್ಕೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಲಾರೆ. 6 ವರ್ಷ ದಾಟಿದ 14 ಲಾರಿಗಳಿಗೆ ಈಗ ಸವಕಳಿ ಬರುವುದೇ ಇಲ್ಲ, ಹಾಗಾಗಿ ಅವು ಪುಸ್ತಕದಲ್ಲಿ ಭಾರೀ ಲಾಭದವು. ಅದಕ್ಕೇ ಎಲ್ಲ ಲಾರಿಗಳ ವಯಸ್ಸಿನ ಪಟ್ಟಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಬೋನಸ್ಸಿಗೆ ಲೀಸಿನ 25 ಲಕ್ಷ ಬಿಟ್ಟು ಆಪರೇಟಿಂಗ್ ಲಾಭ ಇಡೋಣ ಅಂತ ನನ್ನ ಕೋರಿಕೆ. ನೀವು ಒಪ್ಪಿದರೆ ಗುರುವಾರದ ಸಂಬಳ ಸಮಿತಿಯ ಅಜೆಂಡಾಕ್ಕೆ ಸೇರಿಸುತ್ತೇನೆ. ಅದಕ್ಕೂ ಮೊದಲು ಕೂತು ಮಾತಾಡಬೇಕು ಅನ್ನಿಸಿದರೆ ಬುಧವಾರ ಸಂಜೆ ನಾನು ಆಫೀಸಿನಲ್ಲೇ ಇರುತ್ತೇನೆ.

ವಂದನೆಗಳೊಂದಿಗೆ,
ಹಣಕಾಸು ವಿಭಾಗದ ಮುಖ್ಯಸ್ಥ