ಜೋಕಾಲಿಗೆ ಕೈ ಹಚ್ಚುವ ಹೊತ್ತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಈ ಎರಡು ಕುರ್ಚಿಗಳ ನಡುವೆ ಕಟ್ಟಿರುವ ದಾರ ಅಲ್ಲಿಂದ ಕಾಣುವುದಿಲ್ಲ. ಅದರ ಕೆಲಸ ಕೊನೆಗೆ ಇದೆ, ಈಗ ಯಾರೂ ಮುಟ್ಟಬೇಡಿ.

ಪಂಚಮಿ ಹಬ್ಬ ಮುಗಿದು ಇನ್ನೂ ನಾಲ್ಕು ದಿನ ಆಗಿಲ್ಲ. ಶಾಲೆಯ ಹಿಂದಿನ ಬೇವಿನ ಮರದ ಜೋಕಾಲಿಯನ್ನು ಇನ್ನೂ ಬಿಚ್ಚಿಲ್ಲ. ಹಾಗಾಗಿ ವಿಜ್ಞಾನ ಸಂಘದ ಈ ತಿಂಗಳ ಮಾತನ್ನು ಅದರಿಂದಲೇ ಶುರು ಮಾಡೋಣ ಅನ್ನಿಸಿತು. ಇವತ್ತಿನ ವಿಷಯ ಅನುನಾದ. ಇಂಗ್ಲಿಷಿನಲ್ಲಿ ರೆಸೊನೆನ್ಸ್ ಅಂತಾರೆ. ಹೆಸರಿನಲ್ಲಿ ‘ನಾದ’ ಇದೆ ಅಂತ ಇದು ಬರೀ ಸದ್ದಿನ ವಿಷಯ ಅಂದುಕೊಳ್ಳಬೇಡಿ. ತೂಗುವ, ಅಲುಗುವ, ನಡುಗುವ ಎಲ್ಲ ವಸ್ತುಗಳಿಗೂ ಇದು ಸೇರಿದ್ದು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಿತ್ತಲಲ್ಲಿ ಜೋಕಾಲಿ ಕಟ್ಟಿದ್ದರು. ತಂಗಿ ಕೂತಿದ್ದಳು, ನಾನು ನೂಕುತ್ತಿದ್ದೆ. ನನಗೆ ಅವಸರ. ಬೇಗ ಬೇಗ ನೂಕಿದರೆ ಬೇಗ ಮೇಲೆ ಹೋಗುತ್ತದೆ ಅಂತ ಲೆಕ್ಕ. ಇದ್ದ ಬಲವನ್ನೆಲ್ಲ ಹಾಕಿ ಸುಮ್ನೆ ನೂಕಿದ್ದೇ ನೂಕಿದ್ದು. ಮಣೆ ಬಂದು ಮೊಣಕೈಗೆ ಬಡಿಯಿತು, ತಂಗಿ ಅಳೋಕೆ ಶುರು ಮಾಡಿದಳು, ಜೋಕಾಲಿ ನಿಂತೇ ಹೋಯಿತು. ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಎದ್ದು ಬಂದರು. “ಬರೂವಾಗ ತಡೀಬ್ಯಾಡಪಾ, ಹೊಂಟಾಗ ಕೈ ಹಚ್ಚು” ಅಂದರು. ಆಮೇಲೆ ಒಂದೇ ಅಂಗೈಯಿಂದ, ಮಗುವಿನ ಬೆನ್ನು ತಟ್ಟುವ ಹಾಗೆ, ಮೆತ್ತಗೆ ನೂಕುತ್ತಾ ಹೋದರು. ಹತ್ತನೇ ಸಲಕ್ಕೆ ತಂಗಿಯ ಕಾಲು ದಾಸವಾಳದ ಗಿಡದ ತುದಿಗೆ ತಾಗುತ್ತಿತ್ತು. ಅಜ್ಜಿಗೆ ಆಗಲೇ ಎಪ್ಪತ್ತರ ಹತ್ತಿರ. ನನಗಿಂತ ಜಾಸ್ತಿ ಬಲ ಅವರಲ್ಲಿ ಇತ್ತಾ? ಇಲ್ಲ. ಅವರಿಗೆ ಹೊತ್ತು ಗೊತ್ತಿತ್ತು, ಅಷ್ಟೇ.

ಆ ಹೊತ್ತನ್ನು ಯಾರು ಗೊತ್ತು ಮಾಡುತ್ತಾರೆ? ನೂಕುವವರು ಅಲ್ಲ. ಜೋಕಾಲಿಯೇ ಗೊತ್ತು ಮಾಡುತ್ತದೆ.

ನಿನ್ನೆ ಒಂಬತ್ತನೇ ಕ್ಲಾಸಿನವರು ಕೆಲವರು ನನ್ನ ಜೊತೆ ಬೇವಿನ ಮರದ ಹತ್ತಿರ ಬಂದಿದ್ದರು. ಹಗ್ಗ ಅಳೆದೆವು. ಕೊಂಬೆಯಿಂದ ಮಣೆಯವರೆಗೆ 4 ಮೀಟರ್‌ಗೆ ಸ್ವಲ್ಪ ಜಾಸ್ತಿ. ಒಬ್ಬ ಹುಡುಗನನ್ನು ಕೂರಿಸಿ, ಹಿಂದಕ್ಕೆ ಎಳೆದು ಬಿಟ್ಟೆವು. ಹೋಗಿ ತಿರುಗಿ ನಮ್ಮ ಹತ್ತಿರ ಬಂದರೆ ಒಂದು ತೂಗು. ಹತ್ತು ತೂಗಿಗೆ 40 ಸೆಕೆಂಡು ಹಿಡಿಯಿತು. ಅಂದರೆ ಒಂದು ತೂಗಿಗೆ 4 ಸೆಕೆಂಡು. ಆಮೇಲೆ ಐದನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿಯನ್ನು ಕೂರಿಸಿದೆವು. ತೂಕ ಹೆಚ್ಚುಕಡಿಮೆ ಅವನ ಅರ್ಧ. ಅವಳಿಗೂ ಹತ್ತು ತೂಗಿಗೆ ಅಷ್ಟೇ ಹೊತ್ತು. ಜೋರಾಗಿ ತೂಗಲಿ, ಮೆಲ್ಲಗೆ ತೂಗಲಿ, ತೀರಾ ಎತ್ತರಕ್ಕೆ ಹೋಗದಿದ್ದರೆ ಸಮಯ ಬದಲಾಗಲಿಲ್ಲ. ಬಹಳ ಜನಕ್ಕೆ ಇದು ನಂಬೋಕೆ ಕಷ್ಟ. ದಪ್ಪ ಇದ್ದವರು ನಿಧಾನ ತೂಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಭಾರ ಜಾಸ್ತಿ ಇದ್ದರೆ ಭೂಮಿ ಎಳೆಯುವ ಬಲವೂ ಅಷ್ಟೇ ಪಾಲು ಜಾಸ್ತಿ. ಅದಕ್ಕೇ ಲೆಕ್ಕ ಸರಿಹೋಗುತ್ತದೆ.

ಸಮಯ ಬದಲಾಗುವುದು ಹಗ್ಗದ ಉದ್ದದಿಂದ. ದೊಡ್ಡ ಕ್ಲಾಸಿಗೆ ಹೋದಾಗ ಈ ಸೂತ್ರ ಕಲಿಯುತ್ತೀರಿ:

T = 2π√(L/g)

ಇಲ್ಲಿ T ಅಂದರೆ ಒಂದು ತೂಗಿನ ಸಮಯ, L ಉದ್ದ, g ಭೂಮಿಯ ಎಳೆತದ ಲೆಕ್ಕ. ಈಗ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಉದ್ದವನ್ನು ಕಾಲು ಭಾಗ ಮಾಡಿದರೆ ಸಮಯ ಅರ್ಧ ಆಗುತ್ತದೆ. 4 ಮೀಟರ್ ಜೋಕಾಲಿಗೆ 4 ಸೆಕೆಂಡು, 1 ಮೀಟರ್ ಜೋಕಾಲಿಗೆ 2 ಸೆಕೆಂಡು. ಮನೆಯ ಜಂತೆಗೆ ಕಟ್ಟಿದ ಪುಟ್ಟ ತೊಟ್ಟಿಲು ಚಕಚಕ ತೂಗುವುದು, ಆಲದ ಮರದ ಜೋಕಾಲಿ ಗಂಭೀರವಾಗಿ ತೂಗುವುದು ಇದೇ ಕಾರಣಕ್ಕೆ. ಒಂದು ವಸ್ತು ತನ್ನ ಪಾಡಿಗೆ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೋ ಅದು ಅದರ ಸಹಜ ಆವೃತ್ತಿ. ನಮ್ಮ ಜೋಕಾಲಿಯದು ಸೆಕೆಂಡಿಗೆ ಕಾಲು ತೂಗು.

ಈಗ ನೂಕುವ ವಿಷಯಕ್ಕೆ ಬರೋಣ. 4 ಸೆಕೆಂಡಿಗೊಮ್ಮೆ, ಜೋಕಾಲಿ ಹಿಂದೆ ಬಂದು ಮುಂದಕ್ಕೆ ಹೊರಟ ಗಳಿಗೆಯಲ್ಲೇ ಮೆತ್ತಗೆ ನೂಕಿ. ನಿಮ್ಮ ಕೈ ಮತ್ತು ಜೋಕಾಲಿ ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆ. ಆಗ ಕೈಯ ಶಕ್ತಿ ಜೋಕಾಲಿಗೆ ಸೇರುತ್ತದೆ. ಮುಂದಿನ ಸಲ ಇನ್ನಷ್ಟು ಸೇರುತ್ತದೆ. ಹಿಂದಿನದು ಇನ್ನೂ ಖರ್ಚಾಗಿರುವುದಿಲ್ಲ, ಅದರ ಮೇಲೆ ಹೊಸದು ಕೂಡುತ್ತದೆ.

ಅದೇ 3 ಸೆಕೆಂಡಿಗೊಮ್ಮೆ ನೂಕಿದರೆ? ಕಣ್ಣು ಮುಚ್ಚಿ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಮೊದಲ ಸಲ ನೂಕಿದಿರಿ, ಅದು ಹೊರಟಿತು. 1 ಸೆಕೆಂಡಿಗೆ ನಡುವೆ, ಅತಿ ಕೆಳಗೆ ಇದೆ. 2 ಸೆಕೆಂಡಿಗೆ ಆ ಕಡೆಯ ತುದಿ ಮುಟ್ಟಿತು. 3ನೇ ಸೆಕೆಂಡಿಗೆ ಮತ್ತೆ ನಡುವೆ ಇದೆ. ಆದರೆ ಈಗ ಪೂರಾ ವೇಗದಲ್ಲಿ ನಿಮ್ಮ ಕಡೆಗೇ ಬರುತ್ತಿದೆ. ಆಗ ನೀವು ಕೈ ಮುಂದೆ ಮಾಡಿದರೆ ಅದು ನೂಕಿದ ಹಾಗಲ್ಲ, ತಡೆದ ಹಾಗೆ. ಕೊಟ್ಟಿದ್ದನ್ನು ನೀವೇ ಕಸಿದುಕೊಂಡಿರಿ. ನನ್ನ ಮೊಣಕೈಗೆ ಪೆಟ್ಟಾಗಿದ್ದು ಈ 3ನೇ ಸೆಕೆಂಡಿನಲ್ಲೇ! ಒಮ್ಮೆ ಕೊಡುವುದು, ಒಮ್ಮೆ ಕಿತ್ತುಕೊಳ್ಳುವುದು ನಡೆದರೆ ಜೋಕಾಲಿ ಮೇಲೆ ಏರುವುದಾದರೂ ಹೇಗೆ?

8 ಸೆಕೆಂಡಿಗೊಮ್ಮೆ, ಅಂದರೆ ಒಂದು ತೂಗು ಬಿಟ್ಟು ಒಂದು ತೂಗಿಗೆ ನೂಕಿದರೆ ಏನಾಗುತ್ತದೆ? ಆಗಲೂ ಮೇಲೆ ಏರುತ್ತದೆ. ಪ್ರತಿ ಸಲ ಹೊರಟಾಗಲೇ ಕೈ ತಾಗುತ್ತದಲ್ಲ, ತಡೆ ಇಲ್ಲ. ಆದರೆ ನಿಧಾನ.

ಹೀಗೆ, ಹೊರಗಿನ ನೂಕು ವಸ್ತುವಿನ ಸಹಜ ಆವೃತ್ತಿಗೆ ಹೊಂದಿಕೊಂಡಾಗ ಸಣ್ಣ ಸಣ್ಣ ನೂಕುಗಳು ಕೂಡಿಕೊಂಡು ದೊಡ್ಡ ತೂಗಾಟ ಆಗುವುದೇ ಅನುನಾದ.

ಹಾಗಾದರೆ ನೂಕುತ್ತಲೇ ಹೋದರೆ ಜೋಕಾಲಿ ಆಕಾಶಕ್ಕೆ ಹೋಗುತ್ತದಾ? ನಿನ್ನೆ ಒಬ್ಬಳು ಇದನ್ನೇ ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ. ತೂತು ಬಿದ್ದ ಕೊಡಕ್ಕೆ ನೀರು ಹಾಕುವುದನ್ನು ನೆನೆಸಿಕೊಳ್ಳಿ. ಗಾಳಿ ತಡೆಯುತ್ತದೆ, ಹಗ್ಗ ಕೊಂಬೆಗೆ ಉಜ್ಜುತ್ತದೆ, ಹೀಗೆ ಶಕ್ತಿ ಸೋರುತ್ತಲೇ ಇರುತ್ತದೆ. ತೂಗಾಟ ದೊಡ್ಡದಾದಷ್ಟೂ ಸೋರುವುದೂ ಜಾಸ್ತಿ. ಒಂದು ಹಂತದಲ್ಲಿ ನೀವು ಕೊಡುವುದೂ ಸೋರಿ ಹೋಗುವುದೂ ಸಮ ಆಗುತ್ತದೆ. ಅಲ್ಲಿಂದ ಮುಂದೆ ಏರುವುದಿಲ್ಲ. ಸೋರಿಕೆ ಕಡಿಮೆ ಇದ್ದಷ್ಟೂ ಅನುನಾದ ಜೋರು. ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದೂ ಇದರ ಬಗ್ಗೆಯೇ.

ನಿಂತು ಜೀಕುವವರು ಇದ್ದೀರಲ್ಲ, ನಿಮ್ಮದು ಸ್ವಲ್ಪ ಬೇರೆ ಬಗೆ. ತುದಿಯಲ್ಲಿ ಕುಕ್ಕರಿಸಿ, ನಡುವೆ ಬರುವಾಗ ಎದ್ದು ನಿಲ್ಲುತ್ತೀರಿ. ಒಂದು ತೂಗಿಗೆ ಎರಡು ಸಲ. ಅಲ್ಲೂ ಹೊತ್ತು ತಪ್ಪಿದರೆ ಏರುವುದಿಲ್ಲ. ಅದಕ್ಕೆ ಇನ್ನೊಂದು ದಿನ ಬೇಕು.

ಜೋಕಾಲಿ ಬಿಟ್ಟು ಸ್ವಲ್ಪ ಹೊರಗೆ ಹೋಗೋಣ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬ್ರಾಟನ್ ತೂಗುಸೇತುವೆ ಮೇಲೆ ಸೈನಿಕರು ಹೆಜ್ಜೆ ಕೂಡಿಸಿಕೊಂಡು ನಡೆದರು. ಸೇತುವೆ ಅವರ ಹೆಜ್ಜೆಯ ತಾಳಕ್ಕೆ ಕುಣಿಯುತ್ತಾ ಹೋಗಿ ಒಂದು ಕಡೆ ಕುಸಿಯಿತು. ಆಮೇಲೆ ಸೇತುವೆ ಬಂದರೆ ಹೆಜ್ಜೆ ತಪ್ಪಿಸಿ ನಡೆಯಿರಿ ಅಂತ ಸೈನ್ಯದಲ್ಲಿ ಆಜ್ಞೆ ಆಯಿತು. ಅಮೆರಿಕದ ಟಕೋಮಾ ಸೇತುವೆ 1940ರಲ್ಲಿ ಗಾಳಿಗೆ ತಿರುಚಿಕೊಂಡು ಬಿದ್ದ ವಿಡಿಯೋ ನೀವು ನೋಡಿರಬಹುದು. ಅದನ್ನೂ ಅನುನಾದದ ಉದಾಹರಣೆ ಅಂತ ಬಹಳ ಕಡೆ ಬರೆಯುತ್ತಾರೆ. ಆದರೆ ಅಲ್ಲಿ ಗಾಳಿ ಜೋಕಾಲಿ ನೂಕುವವರ ಹಾಗೆ ತಾಳ ಹಾಕಿ ನೂಕಲಿಲ್ಲ. ಒಂದೇ ಸಮನೆ ಬೀಸುವ ಗಾಳಿಯಿಂದ ಸೇತುವೆಯೇ ತನ್ನ ತಿರುಚಾಟಕ್ಕೆ ಶಕ್ತಿ ಎಳೆದುಕೊಂಡಿತು. ಎರಡನ್ನೂ ಬೆರೆಸಬೇಡಿ.

ನನ್ನ ಮನಸ್ಸಿನಲ್ಲಿ ಸದಾ ಉಳಿಯುವುದು ಮೆಕ್ಸಿಕೋ ನಗರ. 1985ರ ಸೆಪ್ಟೆಂಬರ್ 19ರಂದು ಭೂಕಂಪ ಆಯಿತು. ಕೇಂದ್ರ ಇದ್ದದ್ದು 300 ಕಿಲೋಮೀಟರ್‌ಗೂ ಆಚೆ, ಸಮುದ್ರದ ಕಡೆಗೆ. ಆದರೆ ನಗರದ ನಡುಭಾಗ ನಿಂತಿದ್ದು ಹಳೆಯ ಕೆರೆಯ ಮೆತ್ತನೆ ಜೇಡಿಮಣ್ಣಿನ ಮೇಲೆ. ಆ ಮಣ್ಣಿಗೂ ಒಂದು ಸಹಜ ತೂಗು ಇತ್ತು, ಸುಮಾರು 2 ಸೆಕೆಂಡಿನದು. ನೆಲ ಆ ತಾಳಕ್ಕೇ ತೂಗಿತು. ಹೆಚ್ಚಾಗಿ ಪೆಟ್ಟು ತಿಂದದ್ದು ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಅವುಗಳ ತೂಗು ಆ ನೆಲದ ತೂಗಿಗೆ ಹತ್ತಿರ ಇತ್ತು. ಗಿಡ್ಡ ಮನೆಗಳು ಎಷ್ಟೋ ಉಳಿದವು, 44 ಮಹಡಿಯ ಒಂದು ಗೋಪುರವೂ ಉಳಿಯಿತು. ಸಾವಿರಾರು ಜನ ಸತ್ತರು. ಮನೆ ಕಟ್ಟುವ ಮುಂಚೆ ಮಣ್ಣನ್ನೂ ಎತ್ತರವನ್ನೂ ಕೂಡಿಸಿ ಲೆಕ್ಕ ಹಾಕಬೇಕು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ನಿಮ್ಮಲ್ಲಿ ಯಾರಾದರೂ ಸಿವಿಲ್ ಎಂಜಿನಿಯರ್ ಆದರೆ ಈ ಊರಿನ ಹೆಸರು ಮರೆಯಬೇಡಿ.

ಅನುನಾದ ಬರೀ ಕೆಡವುವುದಲ್ಲ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದರ ಮೇಲೆ ಮಡಚಿದ ಸಣ್ಣ ಕಾಗದದ ಚೂರು ಇಟ್ಟು, ಇನ್ನೊಂದನ್ನು ಮೀಟಿ. ಮುಟ್ಟದ ತಂತಿಯ ಮೇಲಿನ ಕಾಗದ ಕುಣಿಯುತ್ತದೆ. ಶ್ರುತಿ ಸ್ವಲ್ಪ ಇಳಿಸಿದರೆ ಅದು ಸುಮ್ಮನಾಗುತ್ತದೆ. ರೇಡಿಯೋದ ಗುಂಡಿ ತಿರುಗಿಸಿ ಒಂದೇ ಸ್ಟೇಷನ್ ಹಿಡಿಯುವುದರ ಹಿಂದೆಯೂ ಇದೇ ಇದೆ.

ಈಗ ದಾರದ ಹತ್ತಿರ ಬನ್ನಿ. ಅಡ್ಡ ದಾರಕ್ಕೆ ಮೂರು ಕಬ್ಬಿಣದ ನಟ್ಟುಗಳನ್ನು ನೇತು ಹಾಕಿದ್ದೇನೆ. ಈ ತುದಿಯದೂ ಆ ತುದಿಯದೂ 25 ಸೆಂಟಿಮೀಟರ್ ಉದ್ದ, ಒಂದು ತೂಗಿಗೆ 1 ಸೆಕೆಂಡು. ನಡುವಿನದು 40 ಸೆಂಟಿಮೀಟರ್, ಅದಕ್ಕೆ ಒಂದೂಕಾಲು ಸೆಕೆಂಡು. ಬಾರವ್ವಾ ತಂಗೀ, ಈ ತುದಿಯ ನಟ್ಟನ್ನು ನಿನ್ನ ಕಡೆಗೆ ಎಳೆದು ಬಿಡು. ಬೇರೆ ಯಾವುದನ್ನೂ ಮುಟ್ಟಬೇಡ.

ನೋಡಿ. ಒಂದೇ ತೂಗುತ್ತಿದೆ. ನಡುವಿನದು ಪಕ್ಕದಲ್ಲೇ ಇದ್ದರೂ ಸುಮ್ನೆ ಒಂಚೂರು ಅಲುಗಿ ನಿಲ್ಲುತ್ತಿದೆ. ಈಗ ಆ ತುದಿ ನೋಡಿ. ಶುರುವಾಯಿತು, ಕಾಣ್ತಾ? ಅಡ್ಡ ದಾರ ಕೂದಲೆಳೆಯಷ್ಟು ಎಳೆಯುತ್ತಿದೆ, ಆದರೆ ಸರಿಯಾದ ಹೊತ್ತಿಗೆ ಎಳೆಯುತ್ತಿದೆ. ಈಗ ಈ ಕಡೆಯದು ಪೂರಾ ನಿಂತೇ ಬಿಟ್ಟಿತು, ಆ ಕಡೆಯದು ಇದರಷ್ಟೇ ಜೋರಾಗಿ ತೂಗುತ್ತಿದೆ. ತಡೀರಿ, ಗದ್ದಲ ಬೇಡ. ಇನ್ನು ಸ್ವಲ್ಪ ಹೊತ್ತಿಗೆ ಅದು ನಿಂತು ಇದಕ್ಕೆ ವಾಪಸ್ ಕೊಡುತ್ತದೆ.

ತೈವಾನಿನ ತೈಪೆ 101 ಅನ್ನುವ 508 ಮೀಟರ್ ಎತ್ತರದ ಕಟ್ಟಡದೊಳಗೆ 660 ಟನ್ನಿನ ಒಂದು ಗುಂಡು ನೇತು ಹಾಕಿದ್ದಾರೆ. ಕಟ್ಟಡ ಗಾಳಿಗೆ ತೂಗಿದಾಗ ಆ ತುದಿಯ ನಟ್ಟಿನ ಹಾಗೆ ಗುಂಡು ಆ ತೂಗಾಟವನ್ನು ತಾನು ತೆಗೆದುಕೊಳ್ಳುತ್ತದೆ. ಆದರೆ ವಾಪಸ್ ಕೊಡದ ಹಾಗೆ ತೂಗಾಟ ತಗ್ಗಿಸುವ ದಪ್ಪ ಡ್ಯಾಂಪರುಗಳು ಆ ಶಕ್ತಿಯನ್ನು ಬಿಸಿಯಾಗಿ ಮಾಡಿ ಕಳೆದುಬಿಡುತ್ತವೆ. ಕೊಡಕ್ಕೆ ಬೇಕಂತಲೇ ತೂತು ಮಾಡಿದ ಹಾಗೆ.

ಸರಿ, ಎಲ್ಲರೂ ಬೇವಿನ ಮರಕ್ಕೆ ಹೋಗೋಣ. ವಾಚು ಇರುವವರು ಎಣಿಸಿ. ನೂಕುವವರು ಒಂದೇ ಬೆರಳು ಬಳಸಬೇಕು, ಒಂದು ತೂಗೂ ತಪ್ಪಿಸಬಾರದು. ಮೊದಲು ಐದನೇ ಕ್ಲಾಸಿನವರು ಕೂರಲಿ, ದೊಡ್ಡವರು ಹಗ್ಗದ ಗಂಟು ಇನ್ನೊಮ್ಮೆ ಜಗ್ಗಿ ನೋಡಿ.